‘ನಿಮ್ಮ ಅನುಭವ ಈ ಹುದ್ದೆಗೆ ಹೆಚ್ಚಾಯಿತು’ ಎಂದವರಿಗೆ ಏನೆಂದು ಉತ್ತರಿಸುವುದು?

‘ನಿಮ್ಮ ಅನುಭವ ಈ ಹುದ್ದೆಯ ಅಗತ್ಯಕ್ಕಿಂತ ಹೆಚ್ಚಾಗಿರುವುದರಿಂದ ನಿಮ್ಮ ಅರ್ಜಿಯನ್ನು ಮುಂದುವರಿಸಲು ಸಾಧ್ಯವಾಗುತ್ತಿಲ್ಲ.’ ಕಾರ್ಖಾನೆಗಳ ನೇಮಕಾತಿ ವಿಭಾಗದಲ್ಲಿ ಹದಿನಾಲ್ಕು ವರ್ಷ ಇದ್ದವನು ನಾನು. ಈ ಸಾಲನ್ನು ಎಷ್ಟು ಜನರಿಗೆ ಕಳುಹಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಪಡೆದವರಲ್ಲಿ ಕೆಲವರು ಹೊಗಳಿಕೆ ಎಂದುಕೊಂಡು ಸುಮ್ಮನಾಗುತ್ತಿದ್ದರು, ಉಳಿದವರು ಅವಮಾನ ಎಂದುಕೊಂಡು ಸಿಟ್ಟಾಗುತ್ತಿದ್ದರು. ನಮ್ಮ ತಲೆಯಲ್ಲಿ ಇರುತ್ತಿದ್ದುದು ಎರಡೂ ಅಲ್ಲ. ಈ ಸಂಬಳಕ್ಕೆ ಇವರು ಒಗ್ಗುತ್ತಾರೆಯೇ? ಆರು ತಿಂಗಳಾದರೂ ನಿಲ್ಲುತ್ತಾರೆಯೇ? ಈ ಕೆಲಸ ಇವರಿಗೆ ಬೇಸರ ಹುಟ್ಟಿಸದೇ? ಇವು ಮೂರೇ ಅನುಮಾನ. ಸಂದರ್ಶನದಲ್ಲಿ ನೇರವಾಗಿ ಕೇಳಲು ಸಂಕೋಚಪಟ್ಟು ಕೊನೆಗೆ ಮೂರನ್ನೂ ಒಂದೇ ಪದದೊಳಗೆ ಸುತ್ತಿ ಕಳುಹಿಸುತ್ತಿದ್ದೆವು: ಓವರ್‌ಕ್ವಾಲಿಫೈಡ್.

ಆದ್ದರಿಂದ ಈ ನಿರಾಕರಣೆಗೆ ಉತ್ತರ ಬರೆಯುವುದೆಂದರೆ ತೀರ್ಪನ್ನು ಪ್ರಶ್ನಿಸುವುದಲ್ಲ. ಅವರು ಬಾಯಿಬಿಟ್ಟು ಕೇಳದೇ ಬಿಟ್ಟ ಪ್ರಶ್ನೆಗೆ ಉತ್ತರ ಕೊಡುವುದು. ಅದಕ್ಕೆ ಸಿಗುವುದು ಒಂದೇ ಅವಕಾಶ. ಎರಡನೆಯ ಪತ್ರವನ್ನು ಯಾರೂ ಓದುವುದಿಲ್ಲ.

ಹೇಗೆಂಬುದನ್ನು ನನ್ನ ಪರಿಚಯದವರೊಬ್ಬರ ಉದಾಹರಣೆಯಿಂದಲೇ ಹೇಳುತ್ತೇನೆ. ವಯಸ್ಸು 45. ಬೆಂಗಳೂರಿನ ಜಿಗಣಿಯ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರ್. ಸಿಟಿಸಿ, ಅಂದರೆ ಕಂಪನಿ ಅವರಿಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ, 22 ಲಕ್ಷ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಚಿಕ್ಕ ಘಟಕವೊಂದರಲ್ಲಿ ಹಿರಿಯ ಗುಣಮಟ್ಟ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಿದ್ದರು. ಅದರ ಸಂಬಳ 10ರಿಂದ 13 ಲಕ್ಷ. ಒಂದು ಸುತ್ತಿನ ಮಾತುಕತೆಯಾಗಿ ನಾಲ್ಕನೆಯ ದಿನ ಮೇಲಿನ ಸಾಲು ಬಂದಿತ್ತು.

ಮೊದಲು, ಉತ್ತರ ಬರೆಯಬೇಕೇ ಬೇಡವೇ

ಅರ್ಜಿ ಹಾಕಿದ ಹತ್ತೇ ನಿಮಿಷಕ್ಕೆ, ಉತ್ತರ ಸ್ವೀಕರಿಸದ ವಿಳಾಸದಿಂದ ಬಂದ ಮೇಲ್ ಆದರೆ ಅದನ್ನು ಕಳುಹಿಸಿದ್ದು ಯಂತ್ರ. ಅದಕ್ಕೆ ಉತ್ತರ ಬರೆದು ಪ್ರಯೋಜನವಿಲ್ಲ. ಒಬ್ಬ ಮನುಷ್ಯನಾದರೂ ನಿಮ್ಮೊಡನೆ ಮಾತನಾಡಿದ್ದರೆ ಮಾತ್ರ ಮುಂದಿನದು ಅನ್ವಯಿಸುತ್ತದೆ.

ಸರ್ಕಾರಿ ಮತ್ತು ಬ್ಯಾಂಕ್ ಹುದ್ದೆಗಳ ಅಧಿಸೂಚನೆಯಲ್ಲಿ ಗರಿಷ್ಠ ವಿದ್ಯಾರ್ಹತೆ ನಮೂದಾಗಿದ್ದರೆ ಅಲ್ಲಿಯೂ ಪತ್ರಕ್ಕೆ ಜಾಗವಿಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ಯೂನ್ ಹುದ್ದೆಗೆ ಪದವೀಧರರು ಅರ್ಹರಲ್ಲ ಎಂದು ಪ್ರಕಟಣೆಯಲ್ಲಿಯೇ ಇತ್ತು. ಪದವಿ ಮುಚ್ಚಿಟ್ಟು ಆಯ್ಕೆಯಾದವರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು. ಖಾಸಗಿಯವರಿಗೂ ಇದರಲ್ಲಿ ಒಂದು ಎಚ್ಚರಿಕೆ ಇದೆ. ಹಳೆಯ ಹುದ್ದೆಯನ್ನೋ ಪದವಿಯನ್ನೋ ಬಯೋಡೇಟಾದಿಂದ ಅಳಿಸಿ ಅರ್ಜಿ ಹಾಕುವ ಉಪಾಯವನ್ನು ಸ್ನೇಹಿತರು ಹೇಳಿಕೊಡುತ್ತಾರೆ. ಭವಿಷ್ಯ ನಿಧಿಯ ಯುಎಎನ್ ಸಂಖ್ಯೆಯಡಿ ನೀವು ಎಲ್ಲಿ, ಎಂದಿನಿಂದ ಎಂದಿನವರೆಗೆ ಇದ್ದಿರಿ ಎಂಬುದೆಲ್ಲ ದಾಖಲಾಗಿರುತ್ತದೆ. ಪೂರ್ವಾಪರ ಪರಿಶೀಲನೆಯಲ್ಲಿ ಅದು ಹೊರಬಂದ ದಿನ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಹಳೆಯ ಹುದ್ದೆಯನ್ನು ಎರಡು ಸಾಲಿಗೆ ಇಳಿಸಿ ಬರೆಯಿರಿ, ಆದರೆ ಅಳಿಸಬೇಡಿ.

ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಸೇರಿದ ಐದನೆಯ ತಿಂಗಳಿಗೆ ಬೆಂಗಳೂರಿನಿಂದ 18 ಲಕ್ಷದ ಕರೆ ಬಂದರೆ ಹೋಗುತ್ತೀರಾ? ‘ಹೋಗುತ್ತೇನೆ’ ಎಂಬುದೇ ಉತ್ತರವಾದರೆ ಕಂಪನಿಯವರ ಅನುಮಾನ ಸರಿಯಾಗಿಯೇ ಇದೆ. ಪತ್ರ ಬರೆಯುವುದು ಬೇಡ.

ಮೂರರಲ್ಲಿ ಯಾವ ಅನುಮಾನ ಎಂದು ಪತ್ತೆ ಹಚ್ಚುವುದು

ಮೂರಕ್ಕೂ ಸಮನಾಗಿ ಉತ್ತರಿಸಿದ ಪತ್ರ ಸಮಜಾಯಿಷಿಯಂತೆ ಕಾಣುತ್ತದೆ. ಮುಖ್ಯವಾದ ಒಂದನ್ನು ಹಿಡಿದು, ಉಳಿದೆರಡನ್ನು ಒಂದೆರಡು ಸಾಲಿನಲ್ಲಿ ಮುಗಿಸಬೇಕು.

ಸುಳಿವು ಸಂದರ್ಶನದಲ್ಲಿಯೇ ಇರುತ್ತದೆ. ಮೂರು ತಿಂಗಳ ಸಂಬಳ ಚೀಟಿ ಕಳುಹಿಸಿ ಎಂದು ಕೇಳಿ, ಕಳುಹಿಸಿದ ಮೇಲೆ ಮೌನವಾದರೆ ಸಂಬಳದ್ದೇ ಚಿಂತೆ. ‘ಬೆಂಗಳೂರು ಯಾಕೆ ಬಿಡುತ್ತಿದ್ದೀರಿ?’ ಎಂದು ಇಬ್ಬರು ಬೇರೆ ಬೇರೆಯಾಗಿ ಕೇಳಿದ್ದರೆ ನೀವು ನಿಲ್ಲುವುದರ ಬಗ್ಗೆ ನಂಬಿಕೆ ಇಲ್ಲ. ‘ಇಲ್ಲಿ ನಿಮ್ಮ ಕೈಕೆಳಗೆ ಯಾರೂ ಇರುವುದಿಲ್ಲ, ಅಳತೆಯ ಗೇಜ್ ಹಿಡಿದು ನೀವೇ ಓಡಾಡಬೇಕು’ ಎಂದಿದ್ದರೆ ಬೇಸರದ ಭಯ. ಈ ಕೊನೆಯ ಮಾತನ್ನು ಮುಂದೆ ನಿಮ್ಮ ಮೇಲಧಿಕಾರಿಯಾಗಬೇಕಾದ, ನಿಮಗಿಂತ ಹತ್ತು ವರ್ಷ ಚಿಕ್ಕವರೇ ಹೇಳಿದ್ದರೆ ಅದರಲ್ಲಿ ಇನ್ನೊಂದು ಅಳುಕೂ ಸೇರಿರುತ್ತದೆ: ಇವರು ನನ್ನ ಮಾತು ಕೇಳುತ್ತಾರೆಯೇ?

ಸುಳಿವು ಸಾಲದಿದ್ದರೆ ಫೋನ್ ಮಾಡಿ ಕೇಳುವುದರಲ್ಲಿ ತಪ್ಪಿಲ್ಲ. ಮೇಲ್ ಬಂದ ಮರುದಿನ, ಬೆಳಗಿನ ಗಡಿಬಿಡಿ ಮುಗಿದ ಹನ್ನೊಂದರ ನಂತರ, ಎಚ್‌ಆರ್‌ನಲ್ಲಿ ನಿಮ್ಮೊಡನೆ ಮಾತನಾಡಿದವರಿಗೇ ಮಾಡಿ. ನಮ್ಮವರು ಮಾಡಿದ್ದು ಹೀಗೆ.

‘ಮೇಡಂ, ನಿರ್ಧಾರ ಬದಲಿಸಿ ಎಂದು ಕೇಳಲು ಫೋನ್ ಮಾಡಿಲ್ಲ. ಅನುಭವ ಹೆಚ್ಚಾಯಿತು ಎಂದು ಬರೆದಿದ್ದೀರಿ. ಚಿಂತೆ ಇರುವುದು ಸಂಬಳದ ಬಗ್ಗೆಯೋ, ನಾನು ಬೇಗ ಬಿಟ್ಟು ಹೋಗುತ್ತೇನೆ ಎಂದೋ, ಕೆಲಸ ಸಣ್ಣದೆನಿಸುತ್ತದೆ ಎಂದೋ? ಒಂದು ಮಾತು ಹೇಳಿದರೆ ಉಪಕಾರವಾಗುತ್ತದೆ.’

ಆಚೆ ಬದಿಯಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ನೋಡಿ ಸರ್, ಕಳೆದ ವರ್ಷ ಇದೇ ಹುದ್ದೆಗೆ ಬಂದವರು ನಾಲ್ಕು ತಿಂಗಳಿಗೆ ಬಿಟ್ಟು ಹೋದರು. ಪ್ಲಾಂಟ್ ಹೆಡ್ ಮತ್ತೆ ಅದೇ ಆಗುವುದು ಬೇಡ ಎನ್ನುತ್ತಿದ್ದಾರೆ.’

ಈ ಒಂದು ವಾಕ್ಯ ಸಿಕ್ಕಿದರೆ ಅರ್ಧ ಪತ್ರ ಬರೆದಂತೆಯೇ. ಮೂರು ಆಯ್ಕೆಗಳನ್ನು ನೀವೇ ಮುಂದಿಟ್ಟು ಕೇಳುವುದರಲ್ಲಿ ಗುಟ್ಟಿದೆ. ‘ಕಾರಣ ಏನು?’ ಎಂದಷ್ಟೇ ಕೇಳಿದರೆ ಮೇಲ್‌ನಲ್ಲಿ ಬರೆದದ್ದನ್ನೇ ಓದಿ ಹೇಳುತ್ತಾರೆ.

ಸಂಬಳದ ಲೆಕ್ಕ ಮೊದಲು ಮನೆಯಲ್ಲಿ

‘ನನಗೆ ಸಂಬಳ ಮುಖ್ಯವಲ್ಲ’ ಎಂದು ದಯವಿಟ್ಟು ಬರೆಯಬೇಡಿ. ಅದನ್ನು ಓದಿದ ಯಾರೂ ನಂಬಿದ್ದನ್ನು ನಾನು ಕಂಡಿಲ್ಲ. ನಂಬಿಕೆ ಹುಟ್ಟಿಸುವುದು ಒಂದು ಅಂಕಿ, ಮತ್ತು ಆ ಅಂಕಿಯ ಹಿಂದೆ ಲೆಕ್ಕ ಹಾಕಿದ ಮನುಷ್ಯನಿದ್ದಾನೆ ಎಂಬ ಭಾವನೆ. ಅದಕ್ಕಾಗಿ ಲೆಕ್ಕವನ್ನು ನಿಜವಾಗಿಯೂ ಹಾಕಬೇಕು.

22 ಲಕ್ಷದಿಂದ 12 ಲಕ್ಷಕ್ಕೆ ಇಳಿದರೆ ಹತ್ತು ಲಕ್ಷ ಹೋಯಿತು ಎಂದು ಕಾಣುತ್ತದೆ. ಕೈಗೆ ಬರುವ ಹಣ ನೋಡಿದರೆ ಚಿತ್ರ ಬೇರೆ. ಮೂಲವೇತನ ಸಿಟಿಸಿಯ ಶೇ 40 ಎಂದಿಟ್ಟುಕೊಳ್ಳೋಣ. 22 ಲಕ್ಷದಲ್ಲಿ ಕಂಪನಿಯ ಪಾಲಿನ ಭವಿಷ್ಯ ನಿಧಿ, ಗ್ರಾಚ್ಯುಟಿ, ನಿಮ್ಮ ಪಾಲಿನ ಭವಿಷ್ಯ ನಿಧಿ ಎಲ್ಲ ಕಳೆದು, ಹೊಸ ತೆರಿಗೆ ಪದ್ಧತಿಯಲ್ಲಿ ಸುಮಾರು 2 ಲಕ್ಷ ಆದಾಯ ತೆರಿಗೆ ಕಟ್ಟಿದರೆ ತಿಂಗಳಿಗೆ ಕೈಗೆ ಬರುವುದು ಸುಮಾರು 1.45 ಲಕ್ಷ. 12 ಲಕ್ಷದ ಸಿಟಿಸಿಗೆ 2025–26ರ ಆರ್ಥಿಕ ವರ್ಷದಿಂದ ಬಂದ ರಿಯಾಯಿತಿಯ ಕಾರಣ ಆದಾಯ ತೆರಿಗೆಯೇ ಇಲ್ಲ. ಕೈಗೆ ಸುಮಾರು 88 ಸಾವಿರ ಬರುತ್ತದೆ. ನಿಜವಾದ ಅಂತರ ತಿಂಗಳಿಗೆ 57 ಸಾವಿರ.

ಈಗ ಖರ್ಚಿನ ಕಡೆ ನೋಡಿ. ನಮ್ಮವರು ಬೆಂಗಳೂರಿನಲ್ಲಿ ಒಂಟಿಯಾಗಿದ್ದುಕೊಂಡು ಬಾಡಿಗೆ, ಊಟ ಎಂದು 30 ಸಾವಿರ ಕೊಡುತ್ತಿದ್ದರು. ಪ್ರತಿ ಶನಿವಾರ ಮೈಸೂರಿಗೆ ಕಾರಿನಲ್ಲಿ ಬಂದು ಹೋಗುವ ಖರ್ಚು 10 ಸಾವಿರ. ಮೈಸೂರಿನ ಸ್ವಂತ ಮನೆಯ ಸಾಲದ ಕಂತು 18 ಸಾವಿರ, ಅದು ಹಿಂದಿನ ವರ್ಷವಷ್ಟೇ ತೀರಿತ್ತು. ಇನ್ನು ಮುಂದೆ ಇರದ ಈ ಮೂರೂ ಖರ್ಚು ಸೇರಿದರೆ 58 ಸಾವಿರ. ಉಳಿತಾಯ ಬೆಳೆಯುವ ವೇಗ ಕಡಿಮೆಯಾಗುತ್ತದೆ, ಭವಿಷ್ಯ ನಿಧಿಗೆ ಹೋಗುವುದೂ ಕಡಿಮೆಯಾಗುತ್ತದೆ. ಅದು ನಿಜವಾದ ನಷ್ಟ, ಮುಚ್ಚಿಟ್ಟುಕೊಳ್ಳಬಾರದು. ಆದರೆ ತಿಂಗಳು ಸಾಗುತ್ತದೆ. ನಿಮ್ಮ ಲೆಕ್ಕ ಹೀಗೆ ಕೂಡಿ ಬರದಿದ್ದರೆ, ಉದಾಹರಣೆಗೆ ಇನ್ನೂ ಹತ್ತು ವರ್ಷದ ಗೃಹಸಾಲ ಬಾಕಿ ಇದ್ದರೆ, ಒಂದು ವರ್ಷದೊಳಗೆ ನೀವೇ ಬೇರೆ ಕೆಲಸ ಹುಡುಕುತ್ತೀರಿ.

ಈ ಲೆಕ್ಕವನ್ನು ಕಂಪನಿಗೆ ಕಳುಹಿಸಬಾರದು. ಮನೆಯ ಖರ್ಚು ಅವರಿಗೆ ಬೇಡದ ವಿಷಯ, ಮೇಲಾಗಿ ಅದು ಚೌಕಾಸಿಗೆ ದಾರಿ ಮಾಡಿಕೊಡುತ್ತದೆ. ಪತ್ರಕ್ಕೆ ಹೋಗಬೇಕಾದದ್ದು ಒಂದು ಅಂಕಿ ಮಾತ್ರ, ಅದು ಅವರ ಮಿತಿಯೊಳಗೇ ಇರಬೇಕು. ಮಿತಿಯ ತುದಿಯಲ್ಲಿರುವ 13ನ್ನು ಕೇಳಿದರೆ ಮುಂದಿನ ಏಪ್ರಿಲ್‌ನಲ್ಲಿ ಹೆಚ್ಚಿಸಲು ಅವರಿಗೆ ಜಾಗವಿರುವುದಿಲ್ಲ. ನಿಮ್ಮ ಮೇಲಧಿಕಾರಿಗೇ 14 ಇರಬಹುದು, ಆಗ ಅಲ್ಲಿಯೂ ಇರುಸುಮುರುಸು. ಹಾಗೆಂದು 10ಕ್ಕಿಂತ ಕೆಳಗೆ ‘ಕೊಟ್ಟಷ್ಟು ಕೊಡಿ’ ಎಂದರೆ ಇವರಿಗೆ ಏನೋ ತುರ್ತಿದೆ, ಸಿಕ್ಕಿದ್ದನ್ನು ಹಿಡಿದು ಆಮೇಲೆ ಜಿಗಿಯುತ್ತಾರೆ ಎಂದೇ ಅರ್ಥವಾಗುತ್ತದೆ. ನಮ್ಮವರು 12 ಎಂದು ಬರೆದರು.

ನಿಲ್ಲುತ್ತೀರಿ ಎಂಬುದಕ್ಕೆ ಸಾಕ್ಷಿ

ಕಂಪನಿಗೆ ಈ ಭಯ ಯಾಕೆ ಇಷ್ಟು ದೊಡ್ಡದು ಎಂದು ತಿಳಿದರೆ ಪತ್ರದ ಧ್ವನಿ ತಾನಾಗಿಯೇ ಸರಿಹೋಗುತ್ತದೆ. ಏಜೆನ್ಸಿಯ ಮೂಲಕ ಒಬ್ಬರನ್ನು ತೆಗೆದುಕೊಂಡರೆ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ, ಶುಲ್ಕವಾಗಿ ಕೊಡುವುದು ನಮ್ಮಲ್ಲಿ ಸಾಮಾನ್ಯ ರೂಢಿ. 12 ಲಕ್ಷಕ್ಕೆ ಅದು ಒಂದು ಲಕ್ಷ ರೂಪಾಯಿ. ಬಂದವರು ಮೂರು ತಿಂಗಳೊಳಗೆ ಬಿಟ್ಟರೆ ಏಜೆನ್ಸಿ ಬದಲಿ ಅಭ್ಯರ್ಥಿಯನ್ನು ಕೊಡುತ್ತದೆ. ನಾಲ್ಕನೆಯ ತಿಂಗಳಿಗೆ ಬಿಟ್ಟರೆ ಹಣ ನೀರಿಗೆ ಹಾಕಿದಂತೆ, ಮತ್ತೆ ಮೊದಲಿನಿಂದ ಹುಡುಕಬೇಕು. ಏಜೆನ್ಸಿಯವರೂ ಇದೇ ಕಾರಣಕ್ಕೆ ಹೆಚ್ಚು ಅನುಭವದವರ ಬಯೋಡೇಟಾವನ್ನು ಮುಂದೆ ಕಳುಹಿಸಲು ಹಿಂಜರಿಯುತ್ತಾರೆ. ನಾಲ್ಕು ತಿಂಗಳಿಗೆ ಬಿಟ್ಟು ಹೋದವರ ಕಥೆಯನ್ನು ಆ ಮೇಡಂ ಯಾಕೆ ನಿಟ್ಟುಸಿರಿನಿಂದ ಹೇಳಿದರು ಎಂಬುದು ಈಗ ತಿಳಿಯಿತಲ್ಲ.

ಇಂಥವರಿಗೆ ‘ನಿವೃತ್ತಿಯವರೆಗೂ ಇಲ್ಲೇ ಇರುತ್ತೇನೆ’ ಎಂದರೆ ನಗು ಬರುತ್ತದೆ. ಬೇಕಾದದ್ದು ನಿಮ್ಮ ಇಚ್ಛೆಯ ಮೇಲೆ ನಿಂತಿರದ ಕಾರಣ. ಮನಸ್ಸು ಬದಲಾಗಬಹುದು, ಹೆಂಡತಿಯ ವರ್ಗಾವಣೆಯ ಆದೇಶ ನಾಳೆಯೇ ಬದಲಾಗುವುದಿಲ್ಲ. ನಮ್ಮವರ ಪತ್ನಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ, ಮೈಸೂರಿಗೆ ವರ್ಗವಾಗಿ ಬಂದಿದ್ದರು. ಮಗಳು ಆ ಜೂನ್‌ನಲ್ಲಿ ಅಲ್ಲೇ ಪ್ರಥಮ ಪಿಯುಸಿಗೆ ಸೇರಿದ್ದಳು. ಸಂದರ್ಶನದಲ್ಲಿ ಇವರು ಹೇಳಿದ್ದೇನು? ‘ವೈಯಕ್ತಿಕ ಕಾರಣ.’ ಕೇಳಿದವರಿಗೆ ಅದು ಜಗಳವಾಗಿ ಕೆಲಸ ಬಿಡುತ್ತಿರುವಂತೆ ಕೇಳಿಸಿರಬೇಕು.

ಎರಡನೆಯ ಸಾಕ್ಷಿ ನಿಮ್ಮ ಹಿಂದಿನ ನಡೆ. ಒಂದು ಕಡೆ ಒಂಬತ್ತು ವರ್ಷ, ಇನ್ನೊಂದು ಕಡೆ ಏಳು ವರ್ಷ ಇದ್ದರೆ ಅದನ್ನು ಹೇಳಿ. ಎರಡೆರಡು ವರ್ಷಕ್ಕೆ ಕೆಲಸ ಬದಲಿಸಿದವರು ಈ ಸಾಲನ್ನು ಬಿಟ್ಟುಬಿಡಿ, ಸಮರ್ಥಿಸಿಕೊಳ್ಳಲು ಹೋಗಬೇಡಿ. ಮೂರನೆಯದಾಗಿ, ಕೊಡಬಹುದಾದ ಒಂದು ಸಣ್ಣ ರಿಯಾಯಿತಿ ಇದೆ. ಅವರ ನೋಟಿಸ್ ಅವಧಿ 30 ದಿನವಿದ್ದರೆ ನನಗೆ 90 ದಿನ ಇಡಿ ಎನ್ನಬಹುದು. ಹೊರಡುವ ಯೋಚನೆ ಇಲ್ಲದವರಿಗೆ ಇದರಿಂದ ತೊಂದರೆ ಇಲ್ಲ, ಕಂಪನಿಗೆ ಉಸಿರಾಡಲು ಸಮಯ ಸಿಗುತ್ತದೆ. ಆದರೆ ಬಾಂಡ್ ಬರೆದುಕೊಡುತ್ತೇನೆ ಎಂದು ನೀವಾಗಿ ಹೇಳಬೇಡಿ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷಕ್ಕೆ ಮೊದಲೇ ಬಿಟ್ಟು 2 ಲಕ್ಷ ಕಟ್ಟಬೇಕಾಗಿ ಬಂದ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಬಾಂಡ್ ಎಂದರೆ ಬರಿಯ ಹೆದರಿಕೆಯ ಕಾಗದ ಎಂದುಕೊಂಡಿರುವವರು ಅದನ್ನು ನೆನಪಿಟ್ಟುಕೊಳ್ಳಬೇಕು.

ಬೇಸರ: ಮೂರರಲ್ಲಿ ಕಷ್ಟದ್ದು

ಅಮೆರಿಕದ ಕನೆಕ್ಟಿಕಟ್‌ನ ನ್ಯೂ ಲಂಡನ್ ಪಟ್ಟಣದಲ್ಲಿ ರಾಬರ್ಟ್ ಜೋರ್ಡನ್ ಎಂಬುವರು 1996ರಲ್ಲಿ ಪೊಲೀಸ್ ಕೆಲಸಕ್ಕೆ ಬುದ್ಧಿಮತ್ತೆಯ ಪರೀಕ್ಷೆ ಬರೆದು 33 ಅಂಕ ಪಡೆದರು. ಇಲಾಖೆ ಸಂದರ್ಶನಕ್ಕೆ ಕರೆದದ್ದು 20ರಿಂದ 27 ಅಂಕದವರನ್ನು. ಇಷ್ಟು ಬುದ್ಧಿವಂತರು ಬೇಸತ್ತು, ತರಬೇತಿಗೆ ಹಣ ಸುರಿದ ಮೇಲೆ ಬಿಟ್ಟು ಹೋಗುತ್ತಾರೆ ಎಂಬುದು ಅವರ ವಾದ. ಜೋರ್ಡನ್ ಮೊಕದ್ದಮೆ ಹೂಡಿದರು, 2000ದಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿಯೂ ಸೋತರು. ಬೇಸರದ ಭಯವನ್ನು ವಾದಿಸಿ ಗೆಲ್ಲುವುದು ಎಷ್ಟು ಕಷ್ಟ ಎನ್ನುವುದಕ್ಕೆ ಇದನ್ನು ಹೇಳಿದೆ.

ವಾದ ಬಿಟ್ಟು ಕೆಲಸದ ಒಳಗೆ ಇಳಿಯಿರಿ. ಆ ಹುದ್ದೆಯ ದಿನನಿತ್ಯದ ಕೆಲಸಗಳಲ್ಲಿ ನಿಮಗೆ ನಿಜವಾಗಿ ಇಷ್ಟವಾದದ್ದು ಯಾವುದು, ದೊಡ್ಡ ಹುದ್ದೆಯಲ್ಲಿ ಅದು ನಿಮ್ಮ ಕೈತಪ್ಪಿದ್ದು ಹೇಗೆ ಎಂದು ಒಂದು ಘಟನೆಯ ಮೂಲಕ ಹೇಳಿ. ನಮ್ಮವರನ್ನು ಕೂರಿಸಿಕೊಂಡು ಕೇಳಿದೆ. ಮೊದಲು ‘ಕಲಿಯುವುದು ಯಾವಾಗಲೂ ಇದ್ದೇ ಇರುತ್ತದೆ’ ಎಂಬಂಥ ಮಾತುಗಳನ್ನೇ ಆಡಿದರು. ಕೊನೆಯದಾಗಿ ಗೇಜ್ ಹಿಡಿದದ್ದು ಯಾವಾಗ ಎಂದೆ. ಮುಖವೇ ಬದಲಾಯಿತು.

ತೆಳು ಗೋಡೆಯ ಒಂದು ಬುಷ್, ಅಂದರೆ ಉಂಗುರದಂಥ ಟೊಳ್ಳು ಬಿಡಿಭಾಗ. ಗ್ರಾಹಕರಲ್ಲಿ ಜೋಡಣೆಯಾಗದೆ ವಾಪಸು ಬರುತ್ತಿತ್ತು. ಇಲ್ಲಿ ರಂಧ್ರದ ಅಗಲ ಅಳೆಯುವ ಬೋರ್ ಗೇಜ್ ಹಾಕಿ ಎಲ್ಲಿ ತಿರುಗಿಸಿ ನೋಡಿದರೂ ಒಂದೇ ಅಂಕಿ, ಎಲ್ಲ ಸರಿ. ಹುಡುಗರು ಗ್ರಾಹಕರ ಗೇಜೇ ತಪ್ಪು ಎಂದು ವರದಿ ಬರೆದಿದ್ದರು. ಇವರು ಯಂತ್ರದ ಬಳಿ ಹೋಗಿ ನಿಂತರು. ಮೂರು ಕಡೆ ಹಿಡಿಯುವ ಚಕ್ಕು ಬುಷ್‌ನ್ನು ಬಲವಾಗಿ ಅದುಮಿ ಹಿಡಿದಾಗ ತೆಳು ಗೋಡೆ ಬಾಗುತ್ತಿತ್ತು. ಆ ಸ್ಥಿತಿಯಲ್ಲಿ ಕೊರೆದ ರಂಧ್ರ ದುಂಡಗೇ ಇತ್ತು. ಬಿಟ್ಟೊಡನೆ ಗೋಡೆ ತನ್ನ ಆಕಾರಕ್ಕೆ ಮರಳಿ ರಂಧ್ರ ಮೂರು ಉಬ್ಬಿನದಾಗುತ್ತಿತ್ತು. ಎದುರುಬದುರಿನ ಎರಡು ಬಿಂದು ಅಳೆಯುವ ಗೇಜಿಗೆ ಮೂರು ಉಬ್ಬಿನ ಸೊಟ್ಟ ಕಾಣುವುದೇ ಇಲ್ಲ. ಮೂರು ಬಿಂದು ಮುಟ್ಟುವ ಗೇಜ್ ತರಿಸಿ ತಿರುಗಿಸಿದಾಗ ಅಂಕಿ ಏರಿಳಿಯಿತು. ಹಿಡಿತದ ಒತ್ತಡ ಇಳಿಸಿ, ಚಕ್ಕಿಗೆ ಬುಷ್‌ನ್ನು ಅಗಲವಾಗಿ ಸುತ್ತುವರಿಯುವ ಮೆತ್ತನೆಯ ಹಿಡಿತದ ತುಂಡುಗಳನ್ನು ಹಾಕಿಸಿದರು, ದೂರು ನಿಂತಿತು. ಮ್ಯಾನೇಜರ್ ಆದ ಐದು ವರ್ಷದಲ್ಲಿ ಹೀಗೆ ಯಂತ್ರದ ಮುಂದೆ ಎರಡು ಗಂಟೆ ನಿಂತದ್ದು ಅದೊಂದೇ ಸಲವಂತೆ. ಉಳಿದದ್ದೆಲ್ಲ ಸಭೆ.

ಇದನ್ನು ಓದಿದ ಪ್ಲಾಂಟ್ ಹೆಡ್ ಈ ಮನುಷ್ಯನಿಗೆ ಬೇಸರವಾಗುತ್ತದೆ ಎಂದುಕೊಳ್ಳುವುದಿಲ್ಲ. ನಿಮ್ಮಲ್ಲಿ ಇಂಥ ಘಟನೆ ನೆನಪಿಗೇ ಬರದಿದ್ದರೆ ಆ ಹುದ್ದೆಯ ಕೆಲಸ ನಿಮಗೆ ಬೇಡವಾಗಿದೆ ಎಂದೇ ತಿಳಿಯಬಹುದು.

ಒಂದು ಎಚ್ಚರಿಕೆ. ‘ನಿಮ್ಮ ವಿಭಾಗವನ್ನೇ ಸುಧಾರಿಸಿಕೊಡುತ್ತೇನೆ’, ‘ಹುಡುಗರಿಗೆ ಮಾರ್ಗದರ್ಶನ ಮಾಡುತ್ತೇನೆ’ ಎಂದು ಸೇರಿಸುವ ಚಪಲವಾಗುತ್ತದೆ. ನಾಳೆ ನಿಮ್ಮ ಮೇಲಧಿಕಾರಿಯಾಗುವವರು ಅದನ್ನು ಓದುವುದು ತನ್ನ ಕುರ್ಚಿಗೆ ಬಂದ ಅರ್ಜಿ ಎಂದು.

ಪತ್ರ

ಕಂಪನಿಗಳ ವ್ಯವಹಾರ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುವುದರಿಂದ ಅವರು ಬರೆದ ಭಾಷೆಯಲ್ಲಿಯೇ ಬರೆಯಿರಿ. ಅದೇ ಮೇಲ್‌ಗೆ ಉತ್ತರವಾಗಿ, ಎರಡು ದಿನದೊಳಗೆ, ಮೊಬೈಲ್‌ನಲ್ಲಿ ಎರಡು ಸಲ ಸರಿಸಿದರೆ ಮುಗಿಯುವಷ್ಟು. ನಮ್ಮವರ ಪತ್ರದ ಸಾರ ಹೀಗಿತ್ತು:

‘ನಮಸ್ಕಾರ ಮೇಡಂ. ನಿನ್ನೆ ಮುಕ್ತವಾಗಿ ಮಾತನಾಡಿದ್ದಕ್ಕೆ ಧನ್ಯವಾದ. ನಾನು ಬೇಗ ಬಿಟ್ಟು ಹೋಗಬಹುದೆಂಬ ಸಂದೇಹ ಸಹಜವೇ. ಮೈಸೂರಿಗೆ ಬರುವ ಕಾರಣವನ್ನು ಸಂದರ್ಶನದಲ್ಲಿ ನಾನು ಸರಿಯಾಗಿ ಹೇಳಲಿಲ್ಲ, ಅದು ನನ್ನ ತಪ್ಪು.

ಪತ್ನಿ ಸರ್ಕಾರಿ ಶಾಲೆಯ ಶಿಕ್ಷಕಿ, ಮೈಸೂರಿಗೆ ವರ್ಗವಾಗಿದ್ದಾರೆ. ಮಗಳು ಇಲ್ಲಿಯೇ ಪಿಯುಸಿ ಸೇರಿದ್ದಾಳೆ. ಮನೆಯೂ ಇಲ್ಲಿದೆ. ಹಿಂದಿನ ಎರಡು ಕಂಪನಿಗಳಲ್ಲಿ ಒಂಬತ್ತು ಮತ್ತು ಏಳು ವರ್ಷ ಇದ್ದೆ. ಕನಿಷ್ಠ ಮೂರು ವರ್ಷ ಈ ಹುದ್ದೆಯಲ್ಲಿರುವ ಉದ್ದೇಶದಿಂದ ಅರ್ಜಿ ಹಾಕಿದ್ದೇನೆ. ನನಗೆ 90 ದಿನಗಳ ನೋಟಿಸ್ ಅವಧಿ ಇಟ್ಟರೂ ಒಪ್ಪಿಗೆ.

ಸಂಬಳ 12 ಲಕ್ಷವಾದರೆ ನನಗೆ ಸಾಕು. ಮನೆಯವರೊಡನೆ ಲೆಕ್ಕ ಹಾಕಿಯೇ ಈ ಅಂಕಿ ಹೇಳುತ್ತಿದ್ದೇನೆ. ಹೆಚ್ಚಳವು ಎಲ್ಲರಿಗೂ ಇರುವ ವಾರ್ಷಿಕ ಪದ್ಧತಿಯಂತೆಯೇ ಇರಲಿ.’

ಇದರ ಕೆಳಗೆ ಬುಷ್‌ನ ಘಟನೆ ಐದು ಸಾಲಿನಲ್ಲಿ. ಆಮೇಲೆ ಕೊನೆಯದಾಗಿ: ‘ಹುದ್ದೆ ಇನ್ನೂ ಖಾಲಿ ಇದ್ದರೆ ಪ್ಲಾಂಟ್ ಹೆಡ್ ಅವರೊಡನೆ ಹದಿನೈದು ನಿಮಿಷ ಮಾತನಾಡಲು ಅವಕಾಶ ಕೊಡಿ. ಭರ್ತಿಯಾಗಿದ್ದರೆ ಈ ಪತ್ರಕ್ಕೆ ಉತ್ತರಿಸುವ ತೊಂದರೆ ತೆಗೆದುಕೊಳ್ಳಬೇಡಿ.’

ಕೊನೆಯ ವಾಕ್ಯವನ್ನು ನಾನೇ ಹಾಕಿಸಿದ್ದು. ಬೇಡ ಎನ್ನಲು ದಾರಿ ಬಿಟ್ಟುಕೊಟ್ಟವರ ಪತ್ರವನ್ನು ನಾವು ಪ್ಲಾಂಟಿನವರಿಗೆ ಮುಂದೆ ಕಳುಹಿಸುತ್ತಿದ್ದೆವು. ಒತ್ತಾಯಿಸಿದವರದ್ದು ಅಲ್ಲೇ ಉಳಿಯುತ್ತಿತ್ತು. ‘ಮರುಪರಿಶೀಲಿಸಿ’ ಎಂಬ ಪದವೂ ಪತ್ರದಲ್ಲಿಲ್ಲ ಎಂಬುದನ್ನು ಗಮನಿಸಿ.

ಕಳುಹಿಸಿದ ಮೇಲೆ

ಎರಡು ವಾರ ಕಾಯಿರಿ, ಫೋನ್ ಮಾಡಬೇಡಿ. ಆಮೇಲೂ ಮೌನವಿದ್ದರೆ ಆ ಬಾಗಿಲು ಮುಚ್ಚಿತು. ಕಂಪನಿಯಲ್ಲಿರುವ ಪರಿಚಯದವರಿಂದ ಹೇಳಿಸುವ ಪ್ರಯತ್ನವನ್ನೂ ಮಾಡಬೇಡಿ, ಒಮ್ಮೆ ಲಿಖಿತವಾಗಿ ಬೇಡ ಎಂದ ಮೇಲೆ ಅದು ಎಚ್‌ಆರ್‌ನವರ ತಲೆಯ ಮೇಲೆ ಕಾಲಿಟ್ಟಂತೆ. ನಿಜವಾದ ಕಾರಣ ವಯಸ್ಸೇ ಆಗಿದ್ದರೆ ಯಾವ ಪತ್ರವೂ ಅದನ್ನು ಕರಗಿಸುವುದಿಲ್ಲ. 45ರ ಮೇಲಿನವರು ಬೇಡ ಎಂದು ಒಳಗೆ ತೀರ್ಮಾನಿಸಿ ಹೊರಗೆ ಅನುಭವದ ಮಾತಾಡುವ ಕಂಪನಿಗಳನ್ನು ನಾನು ನೋಡಿದ್ದೇನೆ. ಹೀಗೆ ಫೋನಿನಲ್ಲಿ ಮೂರು ಆಯ್ಕೆ ಮುಂದಿಟ್ಟಾಗಲೂ ‘ಹಾಗೇನಿಲ್ಲ, ಹಾಗೇನಿಲ್ಲ’ ಎಂದು ಜಾರಿಕೊಂಡರೆ ಬಹುಮಟ್ಟಿಗೆ ಅದೇ.

ನಮ್ಮವರಿಗೆ ಒಂಬತ್ತನೆಯ ದಿನ ಕರೆ ಬಂತು. ಪ್ಲಾಂಟ್ ಹೆಡ್ ಸಂಬಳದ ಬಗ್ಗೆ ಕೇಳಲಿಲ್ಲ, ಮಗಳ ಪಿಯುಸಿ ಬಗ್ಗೆಯೂ ಕೇಳಲಿಲ್ಲ. ಮೇಜಿನ ಡ್ರಾಯರ್‌ನಿಂದ ಒಂದು ತೆಳ್ಳನೆಯ ಉಂಗುರ ತೆಗೆದು ಮುಂದಿಟ್ಟು, ‘ಇದಕ್ಕೆ ಎರಡು ತಿಂಗಳಿಂದ ದೂರು ಬರುತ್ತಿದೆ, ನಿಮ್ಮದೇ ಕಾಯಿಲೆ ಇದಕ್ಕೂ ಇರಬಹುದೇ?’ ಎಂದರಂತೆ. ಹದಿನೈದು ನಿಮಿಷದ ಮಾತು ಯಂತ್ರದ ಬಳಿ ಒಂದೂವರೆ ಗಂಟೆಯಾಯಿತು. 11.8 ಲಕ್ಷಕ್ಕೆ ಸೇರಿದರು, 90 ದಿನಗಳ ನೋಟಿಸ್ ಷರತ್ತಿನೊಂದಿಗೆ.